ಲೂಪಸ್ ನೆಫ್ರೈಟಿಸ್: ಮಾತ್ರೆಯೋ, ಡ್ರಿಪ್ಪೋ, ಜೊತೆಗೆ ಮತ್ತೊಂದು ಔಷಧವೋ?

ಲೂಪಸ್ ಇರುವವರಲ್ಲಿ ಹತ್ತಕ್ಕೆ ನಾಲ್ವರಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಮೂತ್ರಪಿಂಡಕ್ಕೂ ಕಾಯಿಲೆ ತಗಲುತ್ತದೆ, ಅದೂ ಹೆಚ್ಚಾಗಿ ಮೊದಲ ಐದು ವರ್ಷಗಳೊಳಗೆ. ದೇಹದ ರಕ್ಷಣೆಗೆಂದು ಇರುವ ಪ್ರತಿಕಾಯಗಳು ಈ ಕಾಯಿಲೆಯಲ್ಲಿ ದೇಹದ್ದೇ ಜೀವಕೋಶಗಳ ಡಿಎನ್ಎಯಂಥ ವಸ್ತುಗಳಿಗೆ ಅಂಟಿಕೊಳ್ಳುತ್ತವೆ. ಹಾಗೆ ಉಂಟಾದ ಗಂಟುಗಳು ಮೂತ್ರಪಿಂಡದ ಸೋಸುವ ಗುಚ್ಛಗಳಲ್ಲಿ, ಅಂದರೆ ಗ್ಲಾಮೆರುಲಸ್‌ಗಳಲ್ಲಿ, ಕುಳಿತು ಉರಿಯೂತ ಎಬ್ಬಿಸುತ್ತವೆ. ಇದಕ್ಕೆ ಇಂದು ಒಂದೇ ಔಷಧವಲ್ಲ, ನಾಲ್ಕಾರು ದಾರಿಗಳಿವೆ. ಅವುಗಳಲ್ಲಿ ಯಾವುದನ್ನು ಯಾರಿಗೆ ಆರಿಸಬೇಕು ಎಂಬುದನ್ನು ಒಂದು ಪ್ರಕರಣ ಇಟ್ಟುಕೊಂಡು ಇಲ್ಲಿ ನೋಡೋಣ. ಪ್ರಕರಣ ನಾನು ಕಟ್ಟಿದ್ದು. ಆದರೆ ಅದರ ಅಂಕಿಗಳು ಮೂತ್ರಪಿಂಡ ಚಿಕಿತ್ಸಾಲಯದಲ್ಲಿ ದಿನವೂ ಕಾಣುವಂಥವು.

ಇಪ್ಪತ್ತಾರರ ಯುವತಿ, ತೂಕ 52 ಕಿಲೋ. ಎರಡು ವರ್ಷದಿಂದ ಲೂಪಸ್ ಇದೆ; ಕೀಲುನೋವು, ಬಿಸಿಲಿಗೆ ಏಳುವ ಗಂದೆ, ಅಷ್ಟೇ. ಮೂರು ತಿಂಗಳಿಗೊಮ್ಮೆ ಮಾಡುವ ಮೂತ್ರ ಪರೀಕ್ಷೆಯಲ್ಲಿ ಈ ಬಾರಿ ಪ್ರೋಟೀನ್ ಎರಡು ಪ್ಲಸ್ ಬಂತು. ಆಕೆಗೆ ಯಾವ ತೊಂದರೆಯೂ ಇರಲಿಲ್ಲ. ಹಿಂದಿರುಗಿ ಯೋಚಿಸಿದಾಗ ಮಾತ್ರ ಮೂತ್ರದಲ್ಲಿ ಸ್ವಲ್ಪ ನೊರೆ ಬರುತ್ತಿದ್ದುದು ನೆನಪಾಯಿತು.

ಪತ್ತೆ ಎಂದರೆ ಏನನ್ನು ಪತ್ತೆ ಮಾಡುವುದು

ಈ ಕಾಯಿಲೆ ನೋವಿಲ್ಲದೆ ಬರುತ್ತದೆ. ಕಾಲಿನ ಊತ ಕಾಣಿಸುವ ಹೊತ್ತಿಗೆ ಪ್ರೋಟೀನ್ ಸಾಕಷ್ಟು ಸೋರಿಹೋಗಿರುತ್ತದೆ. ಆದ್ದರಿಂದ ಲೂಪಸ್ ರೋಗಿಯ ಮೂತ್ರವನ್ನು ಲಕ್ಷಣ ಬಂದಾಗ ಪರೀಕ್ಷಿಸುವುದಲ್ಲ, ಲಕ್ಷಣ ಇಲ್ಲದಾಗಲೇ ನಿಯಮಿತವಾಗಿ ಪರೀಕ್ಷಿಸಬೇಕು. ಪಟ್ಟಿ ಅದ್ದಿ ನೋಡುವ ಪರೀಕ್ಷೆ ಇಲ್ಲಿ ಬಾಗಿಲು ತಟ್ಟುವ ಕೆಲಸ ಮಾತ್ರ ಮಾಡುತ್ತದೆ. ನೀರು ಹೆಚ್ಚು ಕುಡಿದವರ ತಿಳಿ ಮೂತ್ರದಲ್ಲಿ ಅದು ಪ್ರೋಟೀನನ್ನು ಕಡಿಮೆ ತೋರಿಸುತ್ತದೆ, ಗಟ್ಟಿ ಮೂತ್ರದಲ್ಲಿ ಹೆಚ್ಚು ತೋರಿಸುತ್ತದೆ. ಅದಕ್ಕಾಗಿ ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್ ಮತ್ತು ಮೂತ್ರಪಿಂಡ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಎರಡನ್ನೂ ಅಳೆದು ಅವುಗಳ ಅನುಪಾತ ನೋಡುತ್ತಾರೆ; ಆ ಅನುಪಾತ ಸುಮಾರಾಗಿ ದಿನವೊಂದಕ್ಕೆ ಎಷ್ಟು ಗ್ರಾಂ ಪ್ರೋಟೀನ್ ಹೋಗುತ್ತಿದೆ ಎಂಬುದಕ್ಕೆ ಸಮ. ಲೂಪಸ್ ಇರುವವರಲ್ಲಿ ಅದು 0.5 ದಾಟಿ, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಉಳಿದರೆ, ಬಯಾಪ್ಸಿಯ ಮಾತು ಎತ್ತಬೇಕು. ನಮ್ಮ ಯುವತಿಯಲ್ಲಿ ಅದು 2.8 ಇತ್ತು.

ಅದೇ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಅಭ್ಯಾಸ ಈಚೆಗೆ ಕಡಿಮೆಯಾಗಿದೆ. ಯಂತ್ರ ಕೊಡುವ ಸಂಖ್ಯೆಯೇ ಸಾಕು ಎನ್ನುವವರು ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇದು ನಷ್ಟ. ಗ್ಲಾಮೆರುಲಸ್‌ನಿಂದ ನುಸುಳಿ ಬಂದ ಕೆಂಪು ರಕ್ತಕಣಗಳು ಆಕಾರಗೆಟ್ಟಿರುತ್ತವೆ, ಕೆಲವೊಮ್ಮೆ ನಾಳದೊಳಗೆ ಎರಕ ಹೊಯ್ದಂತೆ ಒತ್ತಿಕೊಂಡು ಕೊಳವೆಯಾಕಾರದ ತುಣುಕುಗಳಾಗಿ ಬರುತ್ತವೆ. ಇವು ಕಂಡರೆ ರಕ್ತ ಬಂದದ್ದು ಮೂತ್ರಕೋಶದ ಸೋಂಕಿನಿಂದಲೋ ಮುಟ್ಟಿನಿಂದಲೋ ಅಲ್ಲ, ಮೂತ್ರಪಿಂಡದಿಂದಲೇ ಎಂಬುದು ಹೆಚ್ಚುಕಡಿಮೆ ಖಾತ್ರಿ.

ರಕ್ತ ಪರೀಕ್ಷೆಯಲ್ಲಿ ಎಲ್ಲರೂ ಎಡವುವುದು ಕ್ರಿಯಾಟಿನಿನ್ ಬಳಿ. ಈಕೆಯದು 1.1 ಇತ್ತು. ಎಷ್ಟೋ ಪ್ರಯೋಗಾಲಯದ ಚೀಟಿಗಳಲ್ಲಿ ಇದು ಸಹಜ ಮಿತಿಯೊಳಗೇ ಬರುತ್ತದೆ, ದಪ್ಪಕ್ಷರದಲ್ಲಿ ಅಚ್ಚಾಗುವುದೂ ಇಲ್ಲ. ಆದರೆ ವರ್ಷದ ಹಿಂದೆ ಅದು 0.7 ಆಗಿತ್ತು. ವಯಸ್ಸು ಮತ್ತು ಲಿಂಗ ಸೇರಿಸಿ ಸೋಸುವ ಕ್ಷಮತೆಯನ್ನು ಲೆಕ್ಕ ಹಾಕಿದರೆ ಆಗ ನಿಮಿಷಕ್ಕೆ 122 ಮಿ.ಲೀ. ಇದ್ದದ್ದು ಈಗ 71ಕ್ಕೆ ಇಳಿದಿದೆ. ಅಂದರೆ ಸಹಜ ಎಂದು ಅಚ್ಚಾದ ಆ ಸಂಖ್ಯೆಯ ಹಿಂದೆ ಶೇ. 40ಕ್ಕೂ ಹೆಚ್ಚಿನ ಕುಸಿತ ಅಡಗಿದೆ. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ ಎಂದು ರೋಗಿಗಳಿಗೆ ಪದೇ ಪದೇ ಹೇಳುವುದು ಇದೇ ಕಾರಣಕ್ಕೆ. ಜೊತೆಗೆ ರಕ್ತದೊತ್ತಡ 150/96 ಇತ್ತು, ಡಿಎನ್ಎ ವಿರುದ್ಧದ ಪ್ರತಿಕಾಯ ಏರಿತ್ತು, ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳಾದ ಸಿ3 ಮತ್ತು ಸಿ4 ಇಳಿದಿದ್ದವು. ಕೊನೆಯ ಎರಡು ಸಂಗತಿಗಳು ಕಾಯಿಲೆ ಕೆರಳಿದೆ ಎನ್ನುತ್ತವೆ. ಮೂತ್ರಪಿಂಡದಲ್ಲಿ ಏನಾಗಿದೆ ಎಂಬುದನ್ನು ಅವು ಹೇಳಲಾರವು.

ಬಯಾಪ್ಸಿ ಮಾಡಿಸಬೇಕೇ, ನೇರ ಚಿಕಿತ್ಸೆಗೆ ಹೋಗಬಹುದೇ

ಇದು ಮೊದಲ ಆಯ್ಕೆ. ಲೂಪಸ್ ಇದೆ, ಪ್ರೋಟೀನ್ ಹೋಗುತ್ತಿದೆ, ಹಾಗಾದರೆ ಸೂಜಿ ಚುಚ್ಚುವುದೇಕೆ ಎಂದು ಮನೆಯವರು ಕೇಳುವುದು ಸಹಜ. ಕೇಳಲೇಬೇಕಾದ ಪ್ರಶ್ನೆಯೂ ಹೌದು, ಏಕೆಂದರೆ ಚುಚ್ಚಿದ ಕಡೆ ರಕ್ತಸ್ರಾವವಾಗುವ ಅಪಾಯ ಚಿಕ್ಕದಾದರೂ ಇದೆ; ಅದಕ್ಕಾಗಿಯೇ ಮೊದಲು ರಕ್ತದೊತ್ತಡವನ್ನು ಹತೋಟಿಗೆ ತಂದು, ರಕ್ತ ತೆಳುಮಾಡುವ ಮಾತ್ರೆಗಳಿದ್ದರೆ ವೈದ್ಯರ ಸಲಹೆಯಂತೆ ನಿಲ್ಲಿಸಿ, ನಂತರ ಬಯಾಪ್ಸಿ ಮಾಡುತ್ತಾರೆ.

ಆದರೂ ಮಾಡಿಸಬೇಕು ಎನ್ನುವುದಕ್ಕೆ ಬಲವಾದ ಕಾರಣವಿದೆ. ಒಂದೇ ಪ್ರಮಾಣದ ಪ್ರೋಟೀನ್ ಸೋರುವಿಕೆಯ ಹಿಂದೆ ತೀರಾ ಬೇರೆ ಬೇರೆ ಕಾಯಿಲೆಗಳಿರಬಹುದು, ಅವುಗಳ ಚಿಕಿತ್ಸೆಯೂ ಬೇರೆ. 2003ರಲ್ಲಿ ರೂಪುಗೊಂಡು 2018ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ವರ್ಗೀಕರಣ ಇದನ್ನು ಆರು ವರ್ಗಗಳಾಗಿ ನೋಡುತ್ತದೆ. ಒಂದು ಮತ್ತು ಎರಡನೆಯವು ಸೌಮ್ಯ. ಸಾಮಾನ್ಯವಾಗಿ ಮೂತ್ರಪಿಂಡಕ್ಕೆಂದೇ ಬಲವಾದ ಔಷಧ ಬೇಕಾಗುವುದಿಲ್ಲ. ಮೂರನೆಯದರಲ್ಲಿ ಅರ್ಧಕ್ಕಿಂತ ಕಡಿಮೆ ಗ್ಲಾಮೆರುಲಸ್‌ಗಳಲ್ಲಿ, ನಾಲ್ಕನೆಯದರಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನವುಗಳಲ್ಲಿ ಉರಿಯೂತವಿರುತ್ತದೆ, ಇಲ್ಲಿ ತಡಮಾಡಬಾರದು. ಐದನೆಯದರಲ್ಲಿ ಸೋಸುವ ಪೊರೆ ದಪ್ಪಗಾಗಿ ಪ್ರೋಟೀನ್ ಧಾರಾಳವಾಗಿ ಸೋರುತ್ತದೆ. ಆರನೆಯದರಲ್ಲಿ ಶೇ. 90ರಷ್ಟು ಗ್ಲಾಮೆರುಲಸ್‌ಗಳು ಆಗಲೇ ಕಲೆಗಟ್ಟಿ ಮುಗಿದಿರುತ್ತವೆ, ಅಲ್ಲಿ ಮೂತ್ರಪಿಂಡಕ್ಕಾಗಿ ಪ್ರಬಲ ಔಷಧ ಕೊಡುವುದರಿಂದ ಅಪಾಯ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಇವುಗಳಾಚೆ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಇನ್ನೊಂದು ಬಗೆಯೂ ಲೂಪಸ್‌ನಲ್ಲಿ ಉಂಟು. ಅದಕ್ಕೆ ಬೇಕಾದ ಔಷಧವೇ ಬೇರೆ, ಬಯಾಪ್ಸಿ ಇಲ್ಲದೆ ಅದು ತಿಳಿಯುವುದೂ ಕಷ್ಟ.

ವರದಿಯಲ್ಲಿ ವರ್ಗಕ್ಕಿಂತ ನಾನು ಮೊದಲು ನೋಡುವುದು ಎರಡು ಅಂಕಗಳನ್ನು. ಒಂದು, ಈಗ ಉರಿಯುತ್ತಿರುವುದೆಷ್ಟು ಎಂದು 24ಕ್ಕೆ ಕೊಡುವ ಅಂಕ; ಇನ್ನೊಂದು, ಆಗಲೇ ಕಲೆಯಾಗಿ ಉಳಿದಿರುವುದೆಷ್ಟು ಎಂದು 12ಕ್ಕೆ ಕೊಡುವ ಅಂಕ. ಮೊದಲನೆಯದನ್ನು ಔಷಧ ಇಳಿಸಬಲ್ಲದು, ಎರಡನೆಯದನ್ನು ಇಳಿಸಲಾರದು. ನಮ್ಮ ಯುವತಿಯ ವರದಿ ನಾಲ್ಕನೆಯ ವರ್ಗ ಎಂದಿತು: ಉರಿಯೂತ 9, ಕಲೆ 2, ಇಪ್ಪತ್ತು ಗ್ಲಾಮೆರುಲಸ್‌ಗಳಲ್ಲಿ ಎರಡರಲ್ಲಿ ಅರ್ಧಚಂದ್ರಾಕಾರದ ಗಾಯ. ಕಾಯಿಲೆ ಜೋರಾಗಿದೆ, ಉಳಿಸಿಕೊಳ್ಳಬೇಕಾದ ಮೂತ್ರಪಿಂಡವೂ ಸಾಕಷ್ಟಿದೆ ಎಂದು ಇದರ ಅರ್ಥ.

ಯಾವ ದಾರಿ ಹಿಡಿದರೂ ತಪ್ಪದ ಮೂರು

ಹೈಡ್ರಾಕ್ಸಿಕ್ಲೋರೋಕ್ವಿನ್, ರಕ್ತದೊತ್ತಡದ ಔಷಧ, ಸ್ಟೀರಾಯ್ಡ್, ಇವು ಎಲ್ಲ ದಾರಿಗಳಲ್ಲೂ ಇರುತ್ತವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಕಾಯಿಲೆ ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ. ಆದರೆ ಕಣ್ಣಿನ ರೆಟಿನಾಗೆ ಹಾನಿಯಾಗದಿರಲು ದಿನದ ಪ್ರಮಾಣ ತೂಕದ ಕಿಲೋಗೆ 5 ಮಿ.ಗ್ರಾಂ ಮೀರಬಾರದು. ಈಕೆಗೆ ಆ ಮಿತಿ 260 ಮಿ.ಗ್ರಾಂ. ರೂಢಿಯಂತೆ 200ರ ಎರಡು ಮಾತ್ರೆ ಬರೆದುಬಿಟ್ಟರೆ ಮಿತಿಗಿಂತ ಅರ್ಧದಷ್ಟು ಹೆಚ್ಚಾಗುತ್ತದೆ. ಹೀಗಾಗಿ ಒಂದು ದಿನ 200, ಮರುದಿನ 300. ರಕ್ತದೊತ್ತಡಕ್ಕೆ ರಾಮಿಪ್ರಿಲ್‌ನಂಥ ಮಾತ್ರೆ ಆರಿಸಿದರೆ ಪ್ರೋಟೀನ್ ಸೋರುವಿಕೆಯೂ ತಗ್ಗುತ್ತದೆ. ಗರ್ಭಿಣಿಯರಿಗೆ ಮಾತ್ರ ಅದು ಸಲ್ಲ.

ಸ್ಟೀರಾಯ್ಡ್ ವಿಷಯದಲ್ಲಿ ಹಳೆಯ ಪದ್ಧತಿ ಮತ್ತು ಈಗಿನ ಪದ್ಧತಿಯ ನಡುವೆ ದೊಡ್ಡ ಅಂತರವಿದೆ. ಮೊದಲು ಕಿಲೋಗೆ 1 ಮಿ.ಗ್ರಾಂ ಲೆಕ್ಕದಲ್ಲಿ ಆರಂಭಿಸಿ ತಿಂಗಳುಗಟ್ಟಲೆ ಎಳೆಯುತ್ತಿದ್ದರು. ಮುಖ ಬಾತು, ಸಕ್ಕರೆ ಏರಿ, ಮೂಳೆ ಸವೆದು, ಸೋಂಕು ತಗಲಿ ರೋಗಿ ಹಣ್ಣಾಗುತ್ತಿದ್ದರು. ಈಗ ಮೊದಲ ಮೂರು ದಿನ ರಕ್ತನಾಳಕ್ಕೆ ಮೀಥೈಲ್‌ಪ್ರೆಡ್ನಿಸೊಲೋನ್ 250ರಿಂದ 500 ಮಿ.ಗ್ರಾಂ ಕೊಟ್ಟು ಬೆಂಕಿಯನ್ನು ತಗ್ಗಿಸಿ, ನಂತರ ಮಾತ್ರೆಯನ್ನು ಕಿಲೋಗೆ ಅರ್ಧ ಮಿ.ಗ್ರಾಂನಷ್ಟರಿಂದ ಆರಂಭಿಸಿ ಬೇಗ ಇಳಿಸುತ್ತಾರೆ. ಈಕೆಗೆ ಅದು 25 ಮಿ.ಗ್ರಾಂ. ಆರು ತಿಂಗಳಿಗೆ 5 ಮಿ.ಗ್ರಾಂ ಅಥವಾ ಅದಕ್ಕೂ ಕೆಳಗೆ ತರುವುದು ಗುರಿ. ಆದರೆ ರೋಗಿ ತಾನಾಗಿ ಒಮ್ಮೆಲೇ ನಿಲ್ಲಿಸುವುದು ಅಪಾಯ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಅಷ್ಟರಲ್ಲಿ ಮರೆತಿರುತ್ತದೆ.

ಮೈಕೋಫಿನೊಲೇಟ್ ಮಾತ್ರೆ ಮತ್ತು ಸೈಕ್ಲೋಫಾಸ್ಫಮೈಡ್ ಡ್ರಿಪ್

ಸ್ಟೀರಾಯ್ಡ್ ಒಂದೇ ಈ ಕಾಯಿಲೆಯನ್ನು ಹಿಡಿದಿಡಲಾರದು. ಅದರ ಜೊತೆಗೆ ಕೊಡುವ ಮುಖ್ಯ ಔಷಧ ಯಾವುದು ಎಂಬಲ್ಲಿ ನಿಜವಾದ ಆಯ್ಕೆ ಶುರುವಾಗುತ್ತದೆ. ಬಹುಕಾಲ ಸೈಕ್ಲೋಫಾಸ್ಫಮೈಡ್ ಒಂದೇ ಗತಿ ಎಂಬಂತಿತ್ತು. ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದಲ್ಲಿ, ಆರು ತಿಂಗಳು. 2002ರಲ್ಲಿ ಪ್ರಕಟವಾದ ಯೂರೋ-ಲೂಪಸ್ ಪ್ರಯೋಗ ಎರಡು ವಾರಕ್ಕೊಮ್ಮೆ 500 ಮಿ.ಗ್ರಾಂನಂತೆ ಆರು ಸಲ, ಒಟ್ಟು ಬರೀ 3 ಗ್ರಾಂ ಕೊಟ್ಟರೂ ಫಲ ಕಡಿಮೆಯಾಗದು ಎಂದು ತೋರಿಸಿತು. ಅಲ್ಲಿದ್ದವರು 90 ರೋಗಿಗಳು, ಬಹುಪಾಲು ಯುರೋಪಿನ ಬಿಳಿಯರು ಮತ್ತು ಮೂತ್ರಪಿಂಡ ತೀರಾ ಕುಸಿದಿರದವರು ಎಂಬುದನ್ನು ಮರೆಯಬಾರದು. ಬಳಿಕ 2009ರಲ್ಲಿ 370 ರೋಗಿಗಳ ಆಲ್ಮ್ಸ್ ಪ್ರಯೋಗ ಮೈಕೋಫಿನೊಲೇಟ್ ಮಾತ್ರೆಯನ್ನು ತಿಂಗಳ ಡ್ರಿಪ್‌ಗೆ ಎದುರಾಗಿ ನಿಲ್ಲಿಸಿತು. ಆರು ತಿಂಗಳಲ್ಲಿ ಚಿಕಿತ್ಸೆಗೆ ಸ್ಪಂದಿಸಿದವರು ಮಾತ್ರೆಯ ಗುಂಪಿನಲ್ಲಿ ಶೇ. 56, ಡ್ರಿಪ್ಪಿನ ಗುಂಪಿನಲ್ಲಿ ಶೇ. 53. ಒಟ್ಟಾರೆಯಾಗಿ ವ್ಯತ್ಯಾಸವಿಲ್ಲ ಎಂದೇ ಹೇಳಬೇಕು.

ಹೀಗೆ ಶಕ್ತಿಯಲ್ಲಿ ಇಬ್ಬರೂ ಸಮನಾದ ಮೇಲೆ ಆಯ್ಕೆ ಬೇರೆ ಸಂಗತಿಗಳ ಮೇಲೆ ನಿಲ್ಲುತ್ತದೆ. ‘ಡ್ರಿಪ್ ಹೆಚ್ಚು ಪವರ್‌ಫುಲ್ ಅಲ್ಲವೇ ಡಾಕ್ಟ್ರೇ?’ ಎಂದು ಕೇಳುವವರಿಗೆ ಇದನ್ನೇ ಹೇಳಬೇಕಾಗುತ್ತದೆ.

ಮೈಕೋಫಿನೊಲೇಟ್ ಮನೆಯಲ್ಲೇ ನುಂಗುವ ಮಾತ್ರೆ. ಅಂಡಾಶಯಕ್ಕೆ ಹಾನಿ ಮಾಡುವುದಿಲ್ಲ. 500 ಮಿ.ಗ್ರಾಂ ದಿನಕ್ಕೆರಡು ಬಾರಿ ಎಂದು ಆರಂಭಿಸಿ ಒಂದೆರಡು ವಾರಗಳಲ್ಲಿ ದಿನಕ್ಕೆ 2 ಗ್ರಾಂಗೆ, ಅಗತ್ಯವಿದ್ದರೆ 3 ಗ್ರಾಂಗೆ ಏರಿಸುತ್ತಾರೆ. ಅದರ ದೊಡ್ಡ ಕಾಟ ಭೇದಿ ಮತ್ತು ಹೊಟ್ಟೆ ತೊಳಸುವಿಕೆ. ಹೊಟ್ಟೆ ಕೆಟ್ಟ ರೋಗಿ ಸದ್ದಿಲ್ಲದೆ ಅರ್ಧ ಮಾತ್ರೆ ಬಿಡುತ್ತಾರೆ, ವೈದ್ಯರು ಔಷಧ ನಾಟುತ್ತಿಲ್ಲ ಎಂದುಕೊಂಡು ಇನ್ನೊಂದನ್ನು ಸೇರಿಸುತ್ತಾರೆ. ಭೇದಿ ಇದ್ದರೆ ದಿನದ ಪ್ರಮಾಣವನ್ನು ಮೂರು ಪಾಲು ಮಾಡಬಹುದು, ಇಲ್ಲವೇ ಜಠರ ದಾಟಿ ಕರಗುವ ಮೈಕೋಫಿನೊಲೇಟ್ ಸೋಡಿಯಂಗೆ ಬದಲಿಸಬಹುದು. ಅದರ 720 ಮಿ.ಗ್ರಾಂ ಮೊದಲಿನದರ 1 ಗ್ರಾಂಗೆ ಸಮ. ಇನ್ನೊಂದು ಕಟ್ಟುನಿಟ್ಟು: ಈ ಔಷಧ ಭ್ರೂಣಕ್ಕೆ ಅಂಗವೈಕಲ್ಯ ತರುತ್ತದೆ, ಆದ್ದರಿಂದ ಆರಂಭಿಸುವ ಮೊದಲೇ ಗರ್ಭ ಪರೀಕ್ಷೆ ಮತ್ತು ಭರವಸೆಯ ಗರ್ಭನಿರೋಧಕ ಬೇಕು.

ಸೈಕ್ಲೋಫಾಸ್ಫಮೈಡ್‌ನ ಗುಣವೆಂದರೆ ಅದನ್ನು ಆಸ್ಪತ್ರೆಯಲ್ಲೇ ಕೊಡುವುದು. ರೋಗಿಗೆ ಔಷಧ ತಲುಪಿತೋ ಇಲ್ಲವೋ ಎಂಬ ಅನುಮಾನಕ್ಕೆ ಅಲ್ಲಿ ಎಡೆಯಿಲ್ಲ. ದಿನಕ್ಕೆ ಹತ್ತಾರು ಮಾತ್ರೆ ನುಂಗಲಾರದವರಿಗೆ, ಮರೆಯುವವರಿಗೆ, ಮೂರು ತಿಂಗಳಲ್ಲಿ ಆರು ಡ್ರಿಪ್ ನಿಜಕ್ಕೂ ಹಗುರ. ಕೋಶವಿಭಜನೆಯನ್ನೇ ತಡೆಯುವ ಔಷಧವಾದ್ದರಿಂದ ಬಿಳಿ ರಕ್ತಕಣ ಇಳಿಯುತ್ತದೆ, ಸೋಂಕು ಬರುತ್ತದೆ. ಅಂಡಾಶಯಕ್ಕೆ ಆಗುವ ಹಾನಿ ಒಟ್ಟು ಪ್ರಮಾಣ ಮತ್ತು ವಯಸ್ಸನ್ನು ಅವಲಂಬಿಸಿದ್ದು; 3 ಗ್ರಾಂನಲ್ಲಿ ಅದು ಕಡಿಮೆ, ಆದರೆ ಕಾಯಿಲೆ ಮರುಕಳಿಸಿ ಪ್ರತಿ ಬಾರಿಯೂ ಇದನ್ನೇ ಕೊಟ್ಟರೆ ಲೆಕ್ಕ ಕೂಡುತ್ತಾ ಹೋಗುತ್ತದೆ. ಹಾಗಾಗಿ ಜೀವನದಲ್ಲಿ ಈವರೆಗೆ ಒಟ್ಟು ಎಷ್ಟು ಗ್ರಾಂ ಆಗಿದೆ ಎಂದು ರೋಗಿಯ ಪುಸ್ತಕದಲ್ಲಿ ಬರೆದಿಡಬೇಕು. ಕೆಲವೇ ವಾರಗಳಲ್ಲಿ ಕ್ರಿಯಾಟಿನಿನ್ ಜಿಗಿಯುತ್ತಾ, ಬಯಾಪ್ಸಿಯಲ್ಲಿ ಅರ್ಧಚಂದ್ರಗಳೇ ತುಂಬಿದ್ದರೆ ಹಲವು ವೈದ್ಯರು ಈಗಲೂ ಸೈಕ್ಲೋಫಾಸ್ಫಮೈಡ್‌ಗೇ ಕೈ ಹಾಕುತ್ತಾರೆ. ನಾನೂ ಹಾಗೆಯೇ ಮಾಡುವವನು. ಆದರೆ ಅದಕ್ಕಿರುವ ಆಧಾರ ಅನುಭವವೇ ಹೊರತು ಪ್ರಯೋಗವಲ್ಲ, ಏಕೆಂದರೆ ಅಂಥ ರೋಗಿಗಳು ಪ್ರಯೋಗಗಳಲ್ಲಿ ತೀರಾ ಕಡಿಮೆ.

ಮೂರನೆಯ ಔಷಧ ಮೊದಲಿನಿಂದಲೇ ಬೇಕೇ

2020ರ ನಂತರ ಚರ್ಚೆ ಇಲ್ಲಿಗೆ ಸರಿದಿದೆ. ಬೆಲಿಮುಮ್ಯಾಬ್ ಎಂಬ ಚುಚ್ಚುಮದ್ದು ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ಬದುಕುವ ಸಂಕೇತ ಸಿಗದಂತೆ ಮಾಡುತ್ತದೆ. 448 ರೋಗಿಗಳ ಪ್ರಯೋಗದಲ್ಲಿ ಎರಡು ವರ್ಷಗಳ ಕೊನೆಗೆ ಗುರಿ ಮುಟ್ಟಿದವರು ಇದನ್ನು ಪಡೆದವರಲ್ಲಿ ಶೇ. 43, ಪಡೆಯದವರಲ್ಲಿ ಶೇ. 32. ವೋಕ್ಲೋಸ್ಪೋರಿನ್ ಎಂಬ ಮಾತ್ರೆ ಟಿ ಕೋಶಗಳನ್ನು ತಡೆಯುವುದರ ಜೊತೆಗೆ ಸೋಸುವ ಪೊರೆಯ ಕೋಶಗಳನ್ನೂ ಬಿಗಿಗೊಳಿಸುತ್ತದೆ. 357 ರೋಗಿಗಳಲ್ಲಿ ಒಂದು ವರ್ಷಕ್ಕೆ ಪೂರ್ಣ ಗುಣ ಕಂಡವರು ಶೇ. 41, ಅದಿಲ್ಲದೆ ಶೇ. 23. ಟ್ಯಾಕ್ರೋಲಿಮಸ್ ಇದೇ ಕುಲದ ಹಳೆಯ ಔಷಧ. ಈ ಎರಡು ಪ್ರಯೋಗಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ವೋಕ್ಲೋಸ್ಪೋರಿನ್ ಗೆದ್ದಿತು ಎನ್ನುವಂತಿಲ್ಲ. ಅಳತೆಗೋಲು, ಅವಧಿ, ಸ್ಟೀರಾಯ್ಡ್ ಪ್ರಮಾಣ ಎಲ್ಲವೂ ಬೇರೆ.

ಆಯ್ಕೆಗೆ ನಾನು ಬಳಸುವ ದಾರಿ ಇದು. ಪ್ರೋಟೀನ್ ಸೋರುವಿಕೆ ತುಂಬಾ ಹೆಚ್ಚಿದ್ದು, ಐದನೆಯ ವರ್ಗ ಸೇರಿಕೊಂಡಿದ್ದರೆ ವೋಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಬೇಗ ಫಲ ಕೊಡುತ್ತದೆ. ಆದರೆ ಇವೇ ಔಷಧಗಳು ರಕ್ತದೊತ್ತಡ ಏರಿಸುತ್ತವೆ, ಮೂತ್ರಪಿಂಡದ ರಕ್ತನಾಳ ಕಿರಿದಾಗಿಸಿ ಕ್ರಿಯಾಟಿನಿನ್ ಏರಿಸುತ್ತವೆ. ಸೋಸುವ ಕ್ಷಮತೆ 45ಕ್ಕಿಂತ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ಇವು ಬೇಡ. ಪ್ರೋಟೀನ್ ಇಳಿದ ಮಾತ್ರಕ್ಕೆ ಒಳಗಿನ ಉರಿಯೂತವೂ ಅಷ್ಟೇ ಇಳಿಯಿತು ಎಂದು ಇವುಗಳ ವಿಷಯದಲ್ಲಿ ಖಚಿತವಾಗಿ ಹೇಳಲಾಗದು. ಪದೇ ಪದೇ ಮರುಕಳಿಸುವವರಿಗೆ, ಚರ್ಮ ಮತ್ತು ಕೀಲುಗಳಲ್ಲೂ ಕಾಯಿಲೆ ಇರುವವರಿಗೆ, ಕ್ಷಮತೆ ಆಗಲೇ ಕುಗ್ಗಿರುವವರಿಗೆ ಬೆಲಿಮುಮ್ಯಾಬ್ ಒಗ್ಗುತ್ತದೆ. ಅದು ನಿಧಾನದ್ದು, ದುಬಾರಿಯದ್ದು. ಪ್ರೋಟೀನ್ ಅನುಪಾತ 3 ದಾಟಿದವರಲ್ಲಿ ಅದರ ಲಾಭ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಅಮೆರಿಕದ ರುಮಟಾಲಜಿ ಕಾಲೇಜಿನ 2024ರ ಮಾರ್ಗಸೂಚಿ ಮೊದಲ ದಿನದಿಂದಲೇ ಮೂರು ಔಷಧ ಎನ್ನುತ್ತದೆ. ಕೆಡಿಗೋ ಎಂಬ ಅಂತರರಾಷ್ಟ್ರೀಯ ಮೂತ್ರಪಿಂಡ ಸಂಸ್ಥೆಯ ಅದೇ ವರ್ಷದ ಮಾರ್ಗಸೂಚಿ ಎರಡು ಔಷಧಗಳ ಆರಂಭವನ್ನೂ ಆಯ್ಕೆಗಳಲ್ಲಿ ಉಳಿಸಿಕೊಂಡಿದೆ. ಮೂರನೆಯದು ಸುಲಭವಾಗಿ ಸಿಗುವ ಕಡೆ, ತೀವ್ರ ಕಾಯಿಲೆಗೆ ಆರಂಭದಿಂದಲೇ ಕೊಡುವುದು ಸರಿ ಎಂದೇ ನನ್ನ ಎಣಿಕೆ. ಸಿಗದಿದ್ದರೆ ಎರಡರಿಂದ ಆರಂಭಿಸಿ ಮೂರನೇ ತಿಂಗಳಿನ ಪರೀಕ್ಷೆಯನ್ನು ಗಟ್ಟಿಯಾಗಿ ಹಿಡಿಯಬೇಕು. ನಮ್ಮ ಯುವತಿಗೆ ರಕ್ತದೊತ್ತಡದ ಕಾರಣದಿಂದ ವೋಕ್ಲೋಸ್ಪೋರಿನ್ ಹಿಂದೆ ಸರಿಯಿತು. ಮುಂದೆ ಮಗು ಬೇಕೆಂಬ ಆಸೆಯಿದ್ದುದರಿಂದ, ಮಾತ್ರೆ ತಪ್ಪಿಸುವವಳೂ ಅಲ್ಲವಾದ್ದರಿಂದ ಮೈಕೋಫಿನೊಲೇಟ್ ಮುಂದೆ ಬಂತು. ಬೆಲಿಮುಮ್ಯಾಬ್ ಬೇಕೇ ಎಂಬುದನ್ನು ಮೂರು ತಿಂಗಳ ನಂತರ ನೋಡುವುದೆಂದು ಆಯಿತು. ಔಷಧಕ್ಕೆ ಮೊದಲು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮತ್ತು ಕ್ಷಯದ ಪರೀಕ್ಷೆಗಳು ಮುಗಿದಿದ್ದವು. ಅಡಗಿದ ಹೆಪಟೈಟಿಸ್ ಬಿ ಈ ಔಷಧಗಳಡಿ ಕೆರಳಿ ಯಕೃತ್ತನ್ನೇ ಹಾಳುಮಾಡಬಲ್ಲದು.

ಫಲವನ್ನು ಅಳೆಯುವುದು

ಮೂರು ತಿಂಗಳಿಗೆ ಪ್ರೋಟೀನ್ ಕನಿಷ್ಠ ಕಾಲು ಭಾಗ ಇಳಿಯಬೇಕು, ಆರಕ್ಕೆ ಅರ್ಧ, ಹನ್ನೆರಡಕ್ಕೆ 0.5ರಿಂದ 0.7ರ ಕೆಳಗೆ ಬರಬೇಕು. ಆರಂಭದಲ್ಲಿ ಬಹಳ ಹೆಚ್ಚು ಸೋರುತ್ತಿದ್ದವರಿಗೆ ಇನ್ನೂ ಆರರಿಂದ ಹನ್ನೆರಡು ತಿಂಗಳ ಕಾಲಾವಕಾಶ ಕೊಡಬಹುದು. ಈಕೆಯ 2.8 ಮೂರು ತಿಂಗಳಿಗೆ 1.9 ಆಯಿತು, ಅಂದರೆ ಮೂರನೇ ಒಂದು ಭಾಗದಷ್ಟು ಇಳಿಕೆ. ಆರಕ್ಕೆ 1.3, ಕ್ರಿಯಾಟಿನಿನ್ 0.8. ಎರಡೂ ಗೆರೆ ದಾಟಿದ್ದರಿಂದ ಬೆಲಿಮುಮ್ಯಾಬ್ ಸೇರಿಸಲಿಲ್ಲ.

ಗೊಂದಲ ಎದ್ದದ್ದು ಹನ್ನೆರಡನೇ ತಿಂಗಳಲ್ಲಿ. ಪ್ರೋಟೀನ್ 0.9ರಲ್ಲಿ ನಿಂತಿತು, ಮುಂದಿನ ಎರಡು ಪರೀಕ್ಷೆಗಳಲ್ಲೂ ಅಲ್ಲಿಂದ ಕದಲಲಿಲ್ಲ. ಮಾತ್ರೆ ತಪ್ಪದೆ ತೆಗೆದುಕೊಂಡಿದ್ದಾಳೆ, ಮೂತ್ರದಲ್ಲಿ ರಕ್ತಕಣಗಳಿಲ್ಲ, ಸಿ3 ಸಹಜಕ್ಕೆ ಮರಳಿದೆ. ಇಲ್ಲಿ ಎರಡು ದಾರಿ: ಉರಿಯೂತ ಉಳಿದಿದೆ ಎಂದು ಔಷಧ ಏರಿಸುವುದು, ಅಥವಾ ಕಲೆಯಿಂದ ಸೋರುತ್ತಿದೆ ಎಂದು ಬಿಡುವುದು. ಮೂತ್ರ ಮತ್ತು ರಕ್ತ ಈ ಎರಡನ್ನು ಭರವಸೆಯಿಂದ ಬೇರ್ಪಡಿಸಲಾರವು. ಎರಡನೇ ಬಯಾಪ್ಸಿ ಬೇರ್ಪಡಿಸುತ್ತದೆ. ಅದರಲ್ಲಿ ಉರಿಯೂತದ ಅಂಕ 9ರಿಂದ 1ಕ್ಕೆ ಇಳಿದಿತ್ತು, ಕಲೆ 2ರಿಂದ 4ಕ್ಕೆ ಏರಿತ್ತು. ಔಷಧ ತನ್ನ ಕೆಲಸ ಮಾಡಿತ್ತು. ಇನ್ನೊಂದು ರೋಗನಿರೋಧಕ ಔಷಧ ಸೇರಿಸಿದ್ದರೆ ಸರ್ಪಸುತ್ತಿನಂಥ ಸೋಂಕಿಗೆ ದಾರಿಯಾಗುತ್ತಿತ್ತೇ ಹೊರತು ಕಲೆ ಮಾಯುತ್ತಿರಲಿಲ್ಲ. ಹಾಗಾಗಿ ಏರಿಸಿದ್ದು ರಾಮಿಪ್ರಿಲ್ ಅನ್ನು ಮಾತ್ರ; ನಾಲ್ಕು ತಿಂಗಳಲ್ಲಿ ಪ್ರೋಟೀನ್ 0.6ಕ್ಕೆ ಬಂತು.

ಚಿಕಿತ್ಸೆ ಒಟ್ಟು ಮೂರು ವರ್ಷವಾದರೂ ನಡೆಯಬೇಕು. ಈ ನಿರ್ವಹಣೆಯ ಹಂತದಲ್ಲಿ ಮೈಕೋಫಿನೊಲೇಟ್ ಮತ್ತು ಅಜಥಯೊಪ್ರಿನ್ ನಡುವೆ ಆಯ್ಕೆಯಿದೆ. ಆಲ್ಮ್ಸ್ ಪ್ರಯೋಗದ ಮುಂದುವರಿಕೆಯಲ್ಲಿ ಮೂರು ವರ್ಷಗಳಲ್ಲಿ ಚಿಕಿತ್ಸೆ ಸೋತದ್ದು ಮೊದಲನೆಯದರಲ್ಲಿ ಶೇ. 16, ಎರಡನೆಯದರಲ್ಲಿ ಶೇ. 32, ಯುರೋಪಿನ ಮೇಂಟೇನ್ ಪ್ರಯೋಗ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮೈಕೋಫಿನೊಲೇಟ್ ಮೊದಲ ಆಯ್ಕೆ, ಗರ್ಭಧಾರಣೆಯ ಯೋಜನೆ ಇದ್ದರೆ ಅಜಥಯೊಪ್ರಿನ್.

ಮೂರನೇ ವರ್ಷ ಈಕೆ ಮಗುವಿನ ಮಾತು ಎತ್ತಿದಾಗ ಲೆಕ್ಕ ಹೀಗೆ ಸಾಗಿತು. ಕಾಯಿಲೆ ಆರು ತಿಂಗಳಿಗೂ ಮಿಕ್ಕಿ ತಣ್ಣಗಿದೆ. ಮೈಕೋಫಿನೊಲೇಟ್ ನಿಲ್ಲಿಸಿ ಗರ್ಭಧಾರಣೆಗೆ ಮುನ್ನ ಕನಿಷ್ಠ ಆರು ವಾರ ಕಳೆಯಬೇಕು; ಆದರೆ ಅಜಥಯೊಪ್ರಿನ್‌ಗೆ ಬದಲಿಸಿದ ಮೇಲೂ ಕಾಯಿಲೆ ಸುಮ್ಮನಿರುತ್ತದೆಯೇ ಎಂದು ನೋಡಲು ಕೆಲವು ತಿಂಗಳು ಕಾಯುವುದು ಒಳ್ಳೆಯದು. ಹೈಡ್ರಾಕ್ಸಿಕ್ಲೋರೋಕ್ವಿನ್ ಮುಂದುವರಿಯುತ್ತದೆ. ರಾಮಿಪ್ರಿಲ್ ನಿಲ್ಲಿಸಿ ಲ್ಯಾಬೆಟಲಾಲ್‌ಗೆ ಬದಲಿಸಿದಾಗ ಪ್ರೋಟೀನ್ 0.6ರಿಂದ ಸ್ವಲ್ಪ ಮೇಲೇರುವುದು ನಿರೀಕ್ಷಿತವೇ. ಹಾಗಾಗಿ ಬದಲಿಸಿದ ಮೇಲಿನ ಹೊಸ ಅಂಕಿಯನ್ನು ಗರ್ಭಧಾರಣೆಗೆ ಮೊದಲೇ ಬರೆದಿಟ್ಟುಕೊಂಡೆವು. ಮುಂದೆ ಐದನೇ ತಿಂಗಳಲ್ಲಿ ಪ್ರೋಟೀನ್ ಏರಿದರೆ ಅದನ್ನು ಹೋಲಿಸಿ ನೋಡಬೇಕಾದದ್ದು ಆ ಅಂಕಿಯೊಂದಿಗೆ.